ಒಂದು ಏಟು, ಮೂರು ಆಯುಧ

ಮಂಗಳೂರಿನ ಶಕ್ತಿನಗರದ ‘ಓಶನ್ ವ್ಯೂ’ ಅಪಾರ್ಟ್‌ಮೆಂಟಿನಿಂದ ಸಮುದ್ರ ಕಾಣುವುದಿಲ್ಲ. ಟೆರೇಸಿನ ನೀರಿನ ಟಾಂಕಿಯ ಮೇಲೆ ಹತ್ತಿದರೆ ಕಾಣುತ್ತದೆ ಎಂದು ಬಿಲ್ಡರ್ ಹೇಳಿದ್ದನಂತೆ. ಹತ್ತಿ ನೋಡಿದವರಿಗೆ ಪಕ್ಕದ ಅಪಾರ್ಟ್‌ಮೆಂಟಿನ ಟಾಂಕಿ ಕಂಡಿದೆ, ಅದರ ಮೇಲೆ ಹತ್ತಿ ಇತ್ತ ನೋಡುತ್ತಿದ್ದ ಒಬ್ಬ ಮನುಷ್ಯನೂ ಕಂಡಿದ್ದಾನೆ.

ಈ ಅಪಾರ್ಟ್‌ಮೆಂಟಿನ ಅಸೋಸಿಯೇಶನ್ನಿಗೆ ಕಜೆಟನ್ ಸೆಕ್ರೆಟರಿ. ಅವರು ಕುವೈತಿನ ಒಂದು ತೈಲ ಕಂಪೆನಿಯ ಸ್ಟೋರಿನಲ್ಲಿ ಇಪ್ಪತ್ತೇಳು ವರ್ಷ ಕೀಪರ್ ಆಗಿದ್ದವರು. ಅಲ್ಲಿ ನಲವತ್ತೆರಡು ಸಾವಿರ ವಸ್ತುಗಳಿದ್ದವು. ಒಂದು ವಸ್ತುವಿಗೆ ಒಂದು ಹೆಸರು, ಒಂದು ಹೆಸರಿಗೆ ಒಂದು ನಂಬರು. ಎರಡು ಹೆಸರು ಇದ್ದರೆ ಅವು ಎರಡು ವಸ್ತುಗಳೇ. ಇದರಲ್ಲಿ ವಾದಕ್ಕೆ ಜಾಗವಿಲ್ಲ. ಒಮ್ಮೆ ಒಂದು ವಾಷರು ಎರಡು ಹೆಸರಿನಲ್ಲಿ ದಾಖಲಾದದ್ದರಿಂದ ಮರುಭೂಮಿಯ ನಡುವೆ ಒಂದು ಹಡಗನ್ನು ಹದಿನೆಂಟು ದಿನ ನಿಲ್ಲಿಸಬೇಕಾಯಿತು ಎಂದು ಅವರು ಹೇಳುತ್ತಾರೆ. ಮರುಭೂಮಿಯಲ್ಲಿ ಹಡಗು ಎಂತ ಮಾಡುತ್ತಿತ್ತು ಎಂದು ಈವರೆಗೆ ಯಾರೂ ಕೇಳಿಲ್ಲ.

ಆ ಬುಧವಾರ ಬೆಳಿಗ್ಗೆ ನಡೆದದ್ದು ಇಷ್ಟು. ಹನ್ನೆರಡು ವರ್ಷಗಳಿಂದ ಅಲ್ಲಿ ಕಸ ಗುಡಿಸುವ ಹೇಮಾಕ್ಷಿ ಪಾರ್ಕಿಂಗಿನ ತರಗೆಲೆಗಳನ್ನೆಲ್ಲ ಗುಡಿಸಿ ಒಂದು ರಾಶಿ ಮಾಡಿದ್ದಳು. ಇನ್ನೂರ ಒಂದನೇ ಫ್ಲಾಟಿನ ಲತೇಶ್ ಕಿವಿಗೆ ಇಯರ್‌ಬಡ್ ಸಿಕ್ಕಿಸಿಕೊಂಡು, ದುಬಾಯಿಯ ಪಾರ್ಟಿಯೊಬ್ಬರ ಜೊತೆ ಮಾತನಾಡುತ್ತಾ, ಆ ರಾಶಿಯ ಮೇಲೆ ನಡೆದ. ಅವಳು ಮತ್ತೆ ಗುಡಿಸಿದಳು. ಅವನು ಮಾತನಾಡುತ್ತಾ ತಿರುಗಿ ಬಂದು ಮತ್ತೆ ನಡೆದ. ಅವಳು ಮೂರನೇ ಸಲ ಗುಡಿಸುತ್ತಿರುವಾಗ ಅವನ ಇಯರ್‌ಬಡ್ ಕಿವಿಯಿಂದ ಜಾರಿ ಅದೇ ರಾಶಿಗೆ ಬಿತ್ತು. ಹೆಕ್ಕಲಿಕ್ಕೆಂದು ಅವನು ಬಗ್ಗಿದ. ಬಗ್ಗಿದಲ್ಲಿಗೆ ಒಂದು ಏಟು ಬಿತ್ತು. ಸದ್ದು ಮೂರನೇ ಮಾಳಿಗೆಗೂ ಕೇಳಿಸಿತು, ದುಬಾಯಿಗೂ ಕೇಳಿಸಿತು.

ಲತೇಶ್ ಇಂಟೀರಿಯರ್ ಡೆಕೊರೇಶನ್ ಮಾಡುವವನು, ಅಲ್ಲದೆ ಅಸೋಸಿಯೇಶನ್ನಿನ ಹೊಸ ವೈಸ್ ಪ್ರೆಸಿಡೆಂಟ್. ಅರ್ಧ ಗಂಟೆಯೊಳಗೆ ಅವನ ದೂರು ಬಂತು. ‘ಹೇಮಾಕ್ಷಿ ಎಂಬವರು ಬೆಳಿಗ್ಗೆ 7.10ಕ್ಕೆ ಹಿಡಿಸೂಡಿಯಿಂದ ನನ್ನ ದೇಹದ ಹಿಂಭಾಗಕ್ಕೆ ಹೊಡೆದಿರುತ್ತಾರೆ. ಅವರನ್ನು ಕೆಲಸದಿಂದ ತೆಗೆಯಬೇಕು.’

ಹೇಮಾಕ್ಷಿಯನ್ನು ಆಫೀಸು ರೂಮಿಗೆ ಕರೆಸಿ ಕಜೆಟನ್ ಕೇಳಿದರು. “ಹೊಡೆದದ್ದು ಹೌದಾ?”

“ನಾನು ಗುಡಿಸ್ತಾ ಇದ್ದೆ ಸರ್. ಅವರು ಮಧ್ಯೆ ಬಂದ್ರು.”

“ಹಿಂಭಾಗಕ್ಕೆ ಅಂತ ಬರೆದಿದ್ದಾರಲ್ಲ.”

“ಹಿಂಭಾಗವೇ ಮಧ್ಯೆ ಬಂದದ್ದು ಸರ್.”

ಕಜೆಟನ್ ಅದನ್ನು ಹಾಗೆಯೇ ಬರೆದುಕೊಂಡರು. ನಿಜ ಹೇಳಬೇಕಾದರೆ ಅವರಿಗೆ ಹೇಮಾಕ್ಷಿಯನ್ನು ಬಿಡುವ ಮನಸ್ಸಿರಲಿಲ್ಲ. ಅವಳು ಬರುವ ಮೊದಲು ಮೂರು ವರ್ಷಗಳಲ್ಲಿ ಹನ್ನೊಂದು ಮಂದಿ ಬಂದು ಹೋಗಿದ್ದರು. ಆದರೆ ಹೋದ ವರ್ಷ ಇಬ್ಬರು ವಾಚ್‌ಮನ್‌ಗಳು ಹೊಡೆದಾಡಿದಾಗ ಅವರೇ ಕುಳಿತು ಒಂದು ನಿಯಮ ಬರೆದಿದ್ದರು. ಸಿಬ್ಬಂದಿಯವರು ಕೋಪದಲ್ಲಿ ಕೈಯಲ್ಲಿದ್ದ ವಸ್ತುವಿನಿಂದ ಹೊಡೆದರೆ ಒಂದು ಎಚ್ಚರಿಕೆ ಪತ್ರ. ಒಂದಕ್ಕಿಂತ ಹೆಚ್ಚು ಆಯುಧ ಬಳಸಿದರೆ ಅದು ಪೂರ್ವತಯಾರಿ, ಕೆಲಸದಿಂದ ಬಿಡುಗಡೆ. ಹೇಮಾಕ್ಷಿಯ ಕೈಯಲ್ಲಿದ್ದದ್ದು ಒಂದೇ. ಎಚ್ಚರಿಕೆ ಪತ್ರ ಕೊಟ್ಟರೆ ಮುಗಿಯಿತು.

“ಹೆದರಬೇಡ. ಇಬ್ಬರು ಸಾಕ್ಷಿ ಉಂಟು. ಅವರದ್ದು ಬರೆಸಿಕೊಳ್ತೇನೆ, ಆದಿತ್ಯವಾರದ ಮೀಟಿಂಗಿನಲ್ಲಿ ಓದ್ತೇನೆ, ಮುಗೀತು” ಎಂದರು.

“ಮುಗೀಬೇಕು ಸರ್. ಇಲ್ಲಿಂದ ಹೊಡೆದು ಬಂದವಳು ಅಂತ ಗೊತ್ತಾದ್ರೆ ಬೇರೆ ಫ್ಲಾಟಿನವರು ಗೇಟಿನ ಒಳಗೆ ಬಿಡ್ಲಿಕ್ಕಿಲ್ಲ.”

ಮೊದಲ ಸಾಕ್ಷಿ ಮುನ್ನೂರ ಎರಡರ ಗುರುಸಿದ್ದವ್ವ. ಧಾರವಾಡದ ಕಡೆ ಮೂವತ್ತು ವರ್ಷ ಸಾಲಿ ಕಲಿಸಿ ರಿಟೈರ್ ಆದವರು, ಈಗ ಮಗನ ಮನೆಯಲ್ಲಿದ್ದರು. ಬಾಲ್ಕನಿಯಲ್ಲಿ ನಿಂತು ಎಲ್ಲವನ್ನೂ ನೋಡಿದ್ದರು.

“ನೋಡೀನ್ರೀ. ಎರಡೂ ಕಣ್ಣಿಲೆ ನೋಡೀನಿ. ಕಸಬರಿಗಿ ತಗೊಂಡ ಆಕಿ ಒಂದ ಕೊಟ್ಲು ನೋಡ್ರಿ, ಏನ್ ಛಲೋ ಕೊಟ್ಲಂತೀರಿ! ನಾ ಸಾಲ್ಯಾಗ ಇದ್ದಾಗೂ ಅಂಥಾದ್ದ ಕೊಟ್ಟಿಲ್ಲ.”

ಕಜೆಟನ್ನರ ಪೆನ್ನು ನಿಂತಿತು. “ಎಂತ ತಗೊಂಡು?”

“ಕಸಬರಿಗಿ.”

“ಹಾಗೆಂದರೆ ಎಂತ?”

ಗುರುಸಿದ್ದವ್ವ ಅವರನ್ನು ಪಾಸಾಗದ ಹುಡುಗನನ್ನು ನೋಡುವಂತೆ ನೋಡಿದರು. “ಕಸಬರಿಗಿ ಅಂದ್ರ ಕಸಬರಿಗಿರೀ. ಅದಕ್ಕ ಇನ್ನೇನ್ ಅಂತಾರ? ಕೊಡ್ರಿ ಇಲ್ಲೆ, ನಾನ ಬರದ ಕೊಡ್ತೀನಿ.” ದುಂಡಗಿನ ಅಕ್ಷರದಲ್ಲಿ ಬರೆದು ಕೊಟ್ಟರು. ‘7.12ಕ್ಕೆ ಕಸಬರಿಗೆಯಿಂದ ಒಂದು ಏಟು.’

ಎರಡನೇ ಸಾಕ್ಷಿ ನೂರ ಮೂರರ ಮರಿಗೌಡ. ಮಂಡ್ಯದವರು, ಬ್ಯಾಂಕಿನಲ್ಲಿ ಆಫೀಸರು, ವರ್ಗವಾಗಿ ಬಂದು ಎಂಟು ತಿಂಗಳಾಗಿತ್ತು. ಎಲ್ಲದಕ್ಕೂ ಸಹಿ ಹಾಕುವ ಮೊದಲು ಎರಡು ಸಲ ಓದುವ ಮನುಷ್ಯ.

“ನಾನು ಬೈಕ್ ಒರೆಸ್ತಿದ್ದೆ ಸಾರ್. ಆಯಮ್ಮ ಪರ್ಕೇಲಿ ಒಂದು ಬಿಟ್ರು. ಒಂದೇಯ. ಜಾಸ್ತಿ ಹೇಳಕ್ಕೆ ಹೋಗಲ್ಲ ನಾನು.”

“ಪರ್ಕೆಯಾ?”

“ಊಂ ಸಾರ್, ಪರ್ಕೆ. ಪೊರಕೆ ಅಂತ ಬರ್ಕೊಳಿ, ಬರೆಯೋವಾಗ ಹಂಗೇ ಬರೆಯೋದು.” ಆಗಲೇ ಗಡಿಯಾರ ನೋಡಿಟ್ಟಿದ್ದ ಸಮಯವನ್ನೂ ಸೇರಿಸಿದರು. ‘7.15ಕ್ಕೆ ಪೊರಕೆಯಿಂದ ಒಂದು ಏಟು.’

ಕಜೆಟನ್ ಮೂರು ಕಾಗದಗಳನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟರು. 7.10, ಹಿಡಿಸೂಡಿ. 7.12, ಕಸಬರಿಗೆ. 7.15, ಪೊರಕೆ. ಒಂದೊಂದರ ಕೆಳಗೂ ಗೆರೆ ಎಳೆದರು. ಐದು ನಿಮಿಷದಲ್ಲಿ ಮೂರು ಆಯುಧ ಬದಲಿಸಿದ ಹೆಂಗಸನ್ನು ಹನ್ನೆರಡು ವರ್ಷ ಗೇಟಿನೊಳಗೆ ಇಟ್ಟುಕೊಂಡಿದ್ದೇವೆ!

ಹೇಮಾಕ್ಷಿಯನ್ನು ಮತ್ತೆ ಕರೆಸಿದರು. ಅವಳು ಕಾಗದಗಳನ್ನು ಒಂದೊಂದಾಗಿ ಓದಿದಳು, ಬೆರಳಿಟ್ಟು.

“ಎಲ್ಲ ಒಂದೇ ಸರ್.”

“ಒಂದೇ ಆದರೆ ಹೆಸರು ಮೂರು ಎಂತಕ್ಕೆ?”

“ಅವರವರ ಊರಿನಲ್ಲಿ ಹಾಗೆ ಹೇಳುದು. ಮುನ್ನೂರ ಎರಡರ ಅಮ್ಮ ನನಗೆ ದಿನಾ ಹೇಳ್ತಾರೆ, ‘ಏ ಹೇಮಾ, ಕಸಬರಿಗಿ ತಂದು ಇಲ್ಲೆ ಕಸಾ ಹೊಡಿ’ ಅಂತ. ಮೊದಲ ದಿನ ನನಗೆ ಎಂತದ್ದೂ ತಿಳೀಲಿಲ್ಲ, ಯಾರನ್ನು ಹೊಡೀಬೇಕು ಅಂತ ಕೇಳಿದ್ದೆ. ಗುಡಿಸುದಕ್ಕೆ ಅಲ್ಲಿ ಹಾಗೆ ಹೇಳುದಂತೆ.”

ಕಜೆಟನ್ ಪೆನ್ನು ಎತ್ತಿದರು. “ಅಂದರೆ ಹೊಡಿ ಅಂತ ಅವರು ನಿನಗೆ ದಿನಾ ಹೇಳಿಕೊಡುದಾ?”

“ಅಯ್ಯೋ ದೇವರೇ! ಸರ್, ಅದು ಬರೀಬೇಡಿ ಮಾರಾಯ್ರೆ!”

ಅವರು ಬರೆಯಲಿಲ್ಲ. ಆದರೆ ಒಪ್ಪಲೂ ಇಲ್ಲ. ಆರೋಪಿ ಮೂರೂ ಒಂದೇ ಎನ್ನುವುದು ಸಹಜ, ಅವಳಿಗೆ ಅದರಿಂದ ಲಾಭ. ತಾವು ಹೊರಗೆ ವಿಚಾರಿಸಬೇಕು ಎಂದುಕೊಂಡು ಸ್ಕೂಟರ್ ಹತ್ತಿ ಬಂದರಿಗೆ ಹೋದರು.

ಬಂದರಿನ ಗಲ್ಲಿಯಲ್ಲಿ ಲೋಕಯ್ಯ ಎಂಬವರದ್ದು ಹೋಲ್‌ಸೇಲ್ ಅಂಗಡಿ. ಹಗ್ಗ, ಬುಟ್ಟಿ, ಚಾಪೆ, ಗೋಣಿ, ಗುಡಿಸುವುದಕ್ಕೆ ಬೇಕಾದ ಎಲ್ಲ ಸಾಮಾನು. ನಲವತ್ತು ವರ್ಷಗಳಲ್ಲಿ ಲೋಕಯ್ಯ ಯಾವ ಗಿರಾಕಿಗೂ ‘ಗೊತ್ತಿಲ್ಲ’ ಎಂದವರಲ್ಲ. ಒಬ್ಬರು ಬಂದು ಆನೆಯ ಚಪ್ಪಲಿ ಕೇಳಿದ್ದಕ್ಕೆ ಎಡಗಾಲಿನದ್ದು ಮಾತ್ರ ಉಂಟು ಎಂದಿದ್ದರೆಂದು ಪಕ್ಕದ ಅಂಗಡಿಯವರು ಹೇಳುತ್ತಾರೆ.

“ಬನ್ನಿ ಪೊರ್ಬುಲೆ, ಎಂತ ಬೇಕಿತ್ತು?” ಕ್ರಿಶ್ಚಿಯನ್ ಗಿರಾಕಿಗಳನ್ನೆಲ್ಲ ಲೋಕಯ್ಯ ಕರೆಯುವುದು ಹಾಗೆಯೇ.

“ಕಸಬರಿಗೆ ಉಂಟಾ?”

ಲೋಕಯ್ಯ ಆಗ ಕುಳಿತದ್ದು ಇನ್ನೂರು ಹಿಡಿಸೂಡಿಗಳ ಕಟ್ಟಿನ ಮೇಲೆ. ಅವರ ಹಿಂದೆ ಹುಲ್ಲಿನ ಪೊರಕೆಗಳು ಪ್ಲಾಸ್ಟಿಕ್ಕಿನ ಅಂಗಿ ಹಾಕಿಕೊಂಡು ಮಾಡಿನ ತನಕ ನಿಂತಿದ್ದವು. ಅವರು ಕಣ್ಣು ಮಿಟುಕಿಸದೆ ಹೇಳಿದರು. “ಸದ್ಯ ಖಾಲಿ. ಅದು ಹುಬ್ಬಳ್ಳಿ ಸೈಡಿನ ಐಟಂ ಅಲ್ವಾ, ಲಾರಿಯಲ್ಲಿ ಬರ್ಬೇಕು. ಮುಂದಿನ ವಾರ ನೋಡುವ.”

“ಹೇಗಿರ್ತದೆ ಅದು?”

“ಅದು... ಹೆವಿ ಇರ್ತದೆ.” ಲೋಕಯ್ಯ ಎರಡು ಕೈಗಳನ್ನು ಅಗಲಿಸಿ, ಯೋಚಿಸಿ, ಇನ್ನಷ್ಟು ಅಗಲಿಸಿದರು. “ಇಬ್ಬರು ಹಿಡೀಬೇಕಾಗ್ತದೆ ಕೆಲವೊಮ್ಮೆ.”

“ಹಿಡಿಸೂಡಿಗೂ ಪೊರಕೆಗೂ ಎಂತ ವ್ಯತ್ಯಾಸ?”

ಇದು ಲೋಕಯ್ಯನವರಿಗೆ ನಿಜವಾಗಿಯೂ ಗೊತ್ತಿದ್ದ ವಿಷಯ. ಕುಳಿತಲ್ಲಿಂದಲೇ ಒಂದು ಕಟ್ಟು ಎಳೆದರು. “ಇದು ಹಿಡಿಸೂಡಿ. ತೆಂಗಿನ ಗರಿಯ ಕಡ್ಡಿ. ಗರಿಯಿಂದ ಎಲೆ ಕೆರೆದು ತೆಗೆದು, ಕಡ್ಡಿ ಒಣಗಿಸಿ, ಒಂದು ಹಿಡಿಯಷ್ಟು ಸೂಡಿ ಕಟ್ಟುದು. ಸೂಡಿ ಅಂದ್ರೆ ಕಟ್ಟು, ಹುಲ್ಲಿನ ಸೂಡಿ ಹೇಳುದಿಲ್ವಾ, ಹಾಗೆ. ಅಂಗಳಕ್ಕೆ, ಬಚ್ಚಲಿಗೆ ಇದೇ ಆಗ್ಬೇಕು. ನೆಲಕ್ಕೆ ಹೊಡೆದ್ರೆ ಸಪ್ಪಳ ಬರ್ಬೇಕು. ಇದು ಪೊರಕೆ, ಮೆತ್ತನೆ ಹುಲ್ಲು, ಟೈಲ್ಸಿಗೆ. ನಮ್ಮ ಅಜ್ಜಿಯ ಕಾಲದಲ್ಲಿ ಈ ಹುಲ್ಲಿನದ್ದು ಎಲ್ಲಿತ್ತು? ಅಂಗಡಿಗೆ ಬಂದ ಮೇಲೆ ಪ್ಯಾಕೆಟಿನಲ್ಲಿ ಬರೆದಿದ್ದ ಹೆಸರೇ ಇದಕ್ಕೆ ಕೂತದ್ದು.”

ಕಜೆಟನ್ ವಾಪಸು ಬರುವಾಗ ಮೂರು ವಿಷಯಗಳು ಖಚಿತವಾಗಿದ್ದವು. ಹಿಡಿಸೂಡಿ ಬೇರೆ, ಪೊರಕೆ ಬೇರೆ, ಕಸಬರಿಗೆ ಎರಡು ಜನ ಹಿಡಿಯುವಂಥದ್ದು. ಹಾಗಾದರೆ ಹೇಮಾಕ್ಷಿಯ ಜೊತೆ ಎರಡನೆಯವರು ಯಾರು?

ಆದರೂ ಅವರು ಕಣ್ಣಾರೆ ನೋಡದೆ ದಾಖಲಿಸುವವರಲ್ಲ. ಸಂಜೆ ಮುನ್ನೂರ ಎರಡರ ಬೆಲ್ಲು ಒತ್ತಿದರು. “ನಿಮ್ಮ ಹತ್ರ ಕಸಬರಿಗೆ ಉಂಟಾ? ಒಮ್ಮೆ ನೋಡಬಹುದಾ?”

ಗುರುಸಿದ್ದವ್ವ ಒಳಗೆ ಹೋಗಿ ತಂದರು. ಬಂಗಾರದ ಬಣ್ಣದ ನವಿರು ಹುಲ್ಲು, ಹಿಡಿಗೆ ಹಳೆಯ ಇಳಕಲ್ಲಿನ ಸೀರೆಯ ಅಂಚು ಸುತ್ತಿತ್ತು. “ಊರಿಂದ ತಂದಿದ್ದರೀ. ಇಲ್ಲೀವು ಎರಡ ತಿಂಗಳಕ್ಕ ಉದರತಾವ.”

“ಇದು ಕಸಬರಿಗೆಯಾ? ಇಬ್ಬರು ಹಿಡಿಯುವುದಿಲ್ಲವಾ?”

“ಇಬ್ರು ಯಾಕ ಹಿಡೀತಾರ್ರೀ? ನಮ್ಮ ಮನ್ಯಾಗ ಒಬ್ರು ಹಿಡಿಯೂದ ಕಷ್ಟ ಆಗೇತಿ. ಸೊಸಿ ಮಷೀನ್ ತರಿಸ್ಯಾಳ.”

ಕಜೆಟನ್ ಅಳತೆ ತೆಗೆದುಕೊಂಡರು, ಬರೆದುಕೊಂಡರು, ಕೆಳಗೆ ನೂರ ಮೂರಕ್ಕೆ ಹೋದರು. ಮರಿಗೌಡ ಬಾಗಿಲ ಹಿಂದಿನಿಂದ ತಂದದ್ದು ಈಚಲ ಗರಿಯದ್ದು. ಗರಿಗಳನ್ನು ಸೀಳಿ ಒಟ್ಟಿಗೆ ಬಿಗಿದು ಕಟ್ಟಿದ್ದು, ಬೀಸಣಿಗೆಯ ಹಾಗೆ ಹರಡಿತ್ತು. “ನಮ್ಮಮ್ಮ ಕಳ್ಸಿದ್ದು ಸಾರ್. ಈಚಲ ಪರ್ಕೆ. ಇದ್ರಲ್ಲಿ ಗುಡಿಸುದ್ರೆ ಧೂಳು ನಿಲ್ಲಲ್ಲ. ನಿಮ್ಕಡೇದು ಕಡ್ಡಿ ಪರ್ಕೆ, ಇದು ಈಚಲ ಪರ್ಕೆ, ಮೇಲ್ಗಡೆ ಅಮ್ಮೋರ್ದು ಹುಲ್ ಪರ್ಕೆ. ಎಲ್ಲಾ ಪರ್ಕೇನೇ.”

“ಎಲ್ಲಾ ಪರ್ಕೆ ಆದ್ರೆ ನಮ್ಮ ಕಡೆಯದ್ದು ಹಿಡಿಸೂಡಿ ಹೇಗೆ?”

ಮರಿಗೌಡ ಎರಡು ಸಲ ಯೋಚಿಸಿದರು. “ಅದು ನಿಮ್ಮನ್ನೇ ಕೇಳ್ಬೇಕು ಸಾರ್.”

ಕಜೆಟನ್ ಮೆಟ್ಟಿಲಲ್ಲೇ ನಿಂತು ಪಟ್ಟಿ ಮಾಡಿದರು. ಮಂಗಳೂರಿನ ಪೊರಕೆ ಹುಲ್ಲಿನದ್ದು. ಧಾರವಾಡದ ಕಸಬರಿಗೆಯೂ ಹುಲ್ಲಿನದ್ದೇ. ಮಂಡ್ಯದ ಪೊರಕೆ ಈಚಲಿನದ್ದು. ಹೇಮಾಕ್ಷಿಯ ಹಿಡಿಸೂಡಿ ತೆಂಗಿನದ್ದು. ಹೆಸರು ಒಂದೇ ಇದ್ದಲ್ಲಿ ವಸ್ತು ಬೇರೆ, ವಸ್ತು ಒಂದೇ ಇದ್ದಲ್ಲಿ ಹೆಸರು ಬೇರೆ. ಇಂಥ ಸ್ಟೋರು ಕುವೈತಿನಲ್ಲಿ ಇದ್ದಿದ್ದರೆ ಒಂದು ವಾರದೊಳಗೆ ಯುದ್ಧ ಆಗುತ್ತಿತ್ತು. ಆದರೆ ಒಂದು ಮಾತು ಸ್ಪಷ್ಟ. ಮೂವರು ಮೂರು ವಸ್ತು ಹೇಳಿದ್ದಾರೆ, ಮೂರೂ ಕಣ್ಣಿಗೆ ಬೇರೆ ಬೇರೆ ಕಂಡಿವೆ. ಅವರು ಭಾರವಾದ ಮನಸ್ಸಿನಿಂದ ವರದಿ ಬರೆದರು. ಆಯುಧಗಳು: ಮೂರು. ಶಿಫಾರಸು: ನಿಯಮದಂತೆ. ಸಹಿ, ಮೊಹರು. ಶುಕ್ರವಾರ ರಾತ್ರಿ ಅದನ್ನು ನೋಟೀಸು ಬೋರ್ಡಿನ ಗಾಜಿನೊಳಗೆ ಹಾಕಿ ಬೀಗ ಹಾಕಿದರು.

ಶನಿವಾರ ಬೆಳಿಗ್ಗೆ ಹೇಮಾಕ್ಷಿ ಬೋರ್ಡಿನ ಮುಂದೆ ನಿಂತು ಓದಿದಳು. ಬೆರಳಿಟ್ಟು ಎರಡು ಸಲ ಓದಿದಳು. ಹೋಗಿ ಪಾರ್ಕಿಂಗ್ ಗುಡಿಸಿದಳು. ಅವತ್ತು ತರಗೆಲೆ ಕಡಿಮೆ ಇತ್ತು, ಆದರೂ ತುಂಬ ಹೊತ್ತು ಗುಡಿಸಿದಳು.

ಅದೇ ಹೊತ್ತಿಗೆ ಮೇಲೆ ಕಜೆಟನ್ನರ ಅಡುಗೆಮನೆಯಲ್ಲಿ ಒಂದು ಗಾಜಿನ ಲೋಟ ಬಿದ್ದು ಒಡೆಯಿತು. ಅವರ ಹೆಂಡತಿ ತೆರೆಸಾ ಒಳಗಿನಿಂದ ಕೂಗಿದರು. “ಸಾರಣ್ ಖಂಯ್ ಆಸಾ?”

ಮೂವತ್ತನಾಲ್ಕು ವರ್ಷಗಳ ಸಂಸಾರದಲ್ಲಿ ‘ಸಾರಣ್ ಎಲ್ಲಿದೆ’ ಎಂಬ ಈ ಪ್ರಶ್ನೆ ಕಜೆಟನ್ನರ ಕಿವಿಗೆ ಸಾವಿರ ಸಲ ಬಿದ್ದಿತ್ತು. ಎದ್ದು ಫ್ರಿಜ್ಜಿನ ಹಿಂದಿದ್ದ ಹುಲ್ಲಿನದ್ದನ್ನು ತಂದು ಕೊಟ್ಟರು.

“ಇದಲ್ಲ, ಇದಕ್ಕೆ ಗಾಜು ಸಿಕ್ಕುದಿಲ್ಲ. ಆ ಬಾಲ್ಕನಿಯ ಸಾರಣ್ ತನ್ನಿ.” ತೆರೆಸಾ ಕೋಪದಲ್ಲಿ ಕೊಂಕಣಿಯಿಂದ ಕನ್ನಡಕ್ಕೆ ಬರುತ್ತಿದ್ದರು, ಪಕ್ಕದ ಮನೆಯವರಿಗೂ ಅರ್ಥವಾಗಲಿ ಎಂದು.

ಕಜೆಟನ್ ಬಾಲ್ಕನಿಗೆ ಹೋಗಿ ತೆಂಗಿನ ಕಡ್ಡಿಯದ್ದನ್ನು ಎತ್ತಿಕೊಂಡರು. ಅಲ್ಲಿಯೇ ನಿಂತುಬಿಟ್ಟರು. ಇದೂ ಸಾರಣ್. ಅದೂ ಸಾರಣ್. ಅವರ ತಾಯಿಗೆ ಸಾರಣ್, ತೆರೆಸಾಳಿಗೆ ಸಾರಣ್. ಅಂಗಡಿಯಲ್ಲಿ ಅವರೇ ಬಾಯಿಬಿಟ್ಟು ಕೇಳುವಾಗ ಹಿಡಿಸೂಡಿ. ಕುವೈತಿನ ಪುಸ್ತಕದಲ್ಲಿ ಬ್ರೂಮ್. ತಮ್ಮ ಬಾಯಲ್ಲೇ ಒಂದು ವಸ್ತುವಿಗೆ ಇಷ್ಟು ಹೆಸರು ಓಡಾಡಿಕೊಂಡಿದ್ದವು. ಇಪ್ಪತ್ತೇಳು ವರ್ಷ ಸ್ಟೋರು ನೋಡಿಕೊಂಡ ಮನುಷ್ಯನಿಗೆ ಒಂದು ದಿನವೂ ಅದು ಎರಡು ಎಂದು ಕಂಡಿರಲಿಲ್ಲ.

“ಸತ್ತಿರಾ ಅಲ್ಲಿ?” ಎಂದರು ತೆರೆಸಾ.

“ಇಲ್ಲ” ಎಂದರು ಕಜೆಟನ್. ಆದರೆ ದನಿಯಲ್ಲಿ ಖಾತ್ರಿ ಇರಲಿಲ್ಲ.

ಈಗ ಕಷ್ಟ ಬೇರೆಯದ್ದೇ ಆಗಿತ್ತು. ವರದಿಗೆ ಸಹಿ ಬಿದ್ದಿದೆ, ಮೊಹರು ಬಿದ್ದಿದೆ. ಬರೆದದ್ದನ್ನು ಸ್ಟೋರ್‌ಕೀಪರ್ ಹೊಡೆದು ಹಾಕುವುದಿಲ್ಲ. ಸೆಕ್ರೆಟರಿಗೆ ತಪ್ಪಾಯಿತು ಎಂದರೆ ಲತೇಶ್ ಅದನ್ನೇ ಹಿಡಿದು ಮುಂದಿನ ಸಲ ತಾನೇ ಸೆಕ್ರೆಟರಿ ಆಗುತ್ತಾನೆ. ಹೇಮಾಕ್ಷಿಯೂ ಉಳಿಯಬೇಕು, ವರದಿಯೂ ಉಳಿಯಬೇಕು. ಕಜೆಟನ್ ಆ ರಾತ್ರಿ ಊಟಕ್ಕೆ ಮೀನು ಬಡಿಸಿದ್ದೂ ಗೊತ್ತಿಲ್ಲದೆ ಯೋಚಿಸಿದರು.

ಆದಿತ್ಯವಾರ ಹನ್ನೊಂದು ಗಂಟೆಗೆ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಮೀಟಿಂಗು. ಮೂವತ್ತಾರು ಮನೆಗಳಿಂದ ಎಪ್ಪತ್ತು ಜನ ಬಂದಿದ್ದರು. ನೀರಿನ ಮೀಟಿಂಗಿಗೆ ಒಂಬತ್ತು ಜನ ಬಂದದ್ದು ದಾಖಲೆಯಲ್ಲಿದೆ. ಮಕ್ಕಳೆಲ್ಲ ಮೊಬೈಲು ಹಿಡಿದು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಹೇಮಾಕ್ಷಿ ಕಂಬಕ್ಕೆ ಒರಗಿ ನಿಂತಿದ್ದಳು, ಕೈಯಲ್ಲಿ ಅವಳ ಹಿಡಿಸೂಡಿ.

ಕಜೆಟನ್ ವರದಿ ಓದಿದರು. ಲತೇಶ್ ತಲೆಯಾಡಿಸಿದ. “ಮೂರು ಆಯುಧ, ಕೇಳಿದ್ರಲ್ಲ ಎಲ್ಲರೂ? ನನಗೆ ಅವತ್ತೇ ಒಂದಕ್ಕಿಂತ ಜಾಸ್ತಿ ಅಂತ ಅನ್ನಿಸಿತ್ತು. ಇನ್ನು ಎಂತ ಯೋಚನೆ, ತೆಗೀಬೇಕು.”

“ತೆಗೆಯುವ” ಎಂದರು ಕಜೆಟನ್. “ಆದರೆ ಅದಕ್ಕೆ ಮೊದಲು ಟೆಸ್ಟಿಂಗ್ ಉಂಟು. ನಮ್ಮ ಸ್ಟೋರಿನಲ್ಲಿ ಯಾವ ವಸ್ತುವಿನ ಬಗ್ಗೆ ದೂರು ಬಂದರೂ ಅದನ್ನು ಒಮ್ಮೆ ಉಪಯೋಗಿಸಿ ನೋಡದೆ ಫೈಲು ಮುಚ್ಚುವುದಿಲ್ಲ. ಮೂರು ಆಯುಧವೂ ಇಲ್ಲಿ ಉಂಟು. ಸಾಕ್ಷಿಗಳು ತಾವು ಕಂಡ ಹಾಗೆಯೇ ತೋರಿಸಬೇಕು. ಹೇಮಾಕ್ಷಿಗೆ ಕೊಡ್ಲಿಕ್ಕಾಗುದಿಲ್ಲ, ಅವಳು ಆರೋಪಿ. ಲತೇಶ್, ನೀವು ಸ್ವಲ್ಪ ಇಲ್ಲಿ ಬಗ್ಗಬೇಕು.”

“ಯಾರು? ನಾನಾ?”

“ದೂರು ಕೊಟ್ಟವರು ನೀವೇ ಅಲ್ವಾ? ಬೇರೆಯವರ ಹಿಂಭಾಗದಲ್ಲಿ ಟೆಸ್ಟ್ ಮಾಡಿದರೆ ರಿಸಲ್ಟ್ ಸರಿ ಬರುದಿಲ್ಲ. ಮೊದಲು 7.10ರದ್ದು, ಹಿಡಿಸೂಡಿ, ಅದು ನಾನು ಮಾಡ್ತೇನೆ. ಎರಡನೆಯದ್ದು ಕಸಬರಿಗೆ. ಟೀಚರ್, ತಂದಿದ್ದೀರಾ?”

ಗುರುಸಿದ್ದವ್ವ ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದರು. ಗಾಳಿಯಲ್ಲಿ ಒಂದು ಸಲ ಬೀಸಿ ನೋಡಿದರು. ಸುಯ್ಯೆಂದಿತು. “ಇದು ಮೆತ್ತಗ ಐತ್ರಿ. ಆಕಿ ಕೊಟ್ಟಷ್ಟ ಆಗಬೇಕಂದ್ರ ಒಂದ ನಾಕೈದರ ಕೊಡಬೇಕಾಗ್ತದ. ಪರವಾಗಿಲ್ಲ, ಸಾವಕಾಶ ಕೊಡ್ತೀನಿ.”

“ಮರಿಗೌಡ್ರೆ?”

“ನಾನು ಮೆತ್ತಗೇ ಬಿಡ್ತೀನಿ ಸಾರ್” ಎಂದ ಮರಿಗೌಡ ಈಚಲ ಗರಿ ಸರಿಪಡಿಸುತ್ತಾ ಲತೇಶನ ಹಿಂದೆ ಹೋಗಿ, ಎಲ್ಲಿ ಎಂದು ಎರಡು ಸಲ ನೋಡಿಕೊಂಡರು.

ಇನ್ನೂರ ಐದರ ಕುಂದಾಪುರದ ಹೆಂಗಸೊಬ್ಬರು ಹಿಂದಿನ ಸಾಲಿನಿಂದ ಕೇಳಿದರು. “ಅದ್ ಹಿಡಿ ಅಲ್ದಾ? ನಮ್ ಮನೆಯಲ್ಲೂ ಒಂದ್ ಹಿಡಿ ಇತ್, ತರ್ಕಾ?”

“ತನ್ನಿ, ತನ್ನಿ. ನಾಲ್ಕು ಆಯ್ತು” ಎಂದು ಕಜೆಟನ್ ಬರೆದುಕೊಂಡರು.

ಲತೇಶ್ ಮುಂದಿನ ಸಾಲಿನ ಮೊಬೈಲುಗಳನ್ನು ನೋಡಿದ. ಹದಿನಾಲ್ಕು ಇದ್ದವು. ಒಂದು ಮಗು ಸ್ಟ್ಯಾಂಡಿಗೇ ಸಿಕ್ಕಿಸಿ ಇಟ್ಟಿತ್ತು. ಹಿಡಿಸೂಡಿಯ ಒಂದು ಏಟು ಬಿದ್ದದ್ದೇ ಅವನಿಗೆ ಮರೆಯಲಾಗದ ಅವಮಾನ. ಅದು ಊರಲ್ಲಿ ಯಾರಿಗೂ ಗೊತ್ತಾಗದಿರಲಿ ಎಂದೇ ಅವನು ಪೊಲೀಸಿಗೆ ಹೋಗದೆ ಅಸೋಸಿಯೇಶನ್ನಿಗೆ ದೂರು ಕೊಟ್ಟಿದ್ದ. ಈಗ ಕರ್ನಾಟಕದ ನಾಲ್ಕು ದಿಕ್ಕುಗಳೂ ಸಾಲಾಗಿ ನಿಂತಿದ್ದವು.

“ಒಮ್ಮೆ ನಿಲ್ಲಿ ಸರ್. ಎಂತದ್ದು ಇದು! ಎಲ್ಲ ಒಂದೇ ಅಲ್ವಾ ಮಾರಾಯ್ರೆ?”

“ಯಾವುದು ಒಂದೇ?”

“ಹಿಡಿಸೂಡಿ, ಪೊರಕೆ, ಅವರು ಹೇಳುವ ಕಸ... ಅದೂ. ಹೇಮಾಕ್ಷಿಯಕ್ಕನ ಕೈಯಲ್ಲಿ ಇದ್ದದ್ದು ಒಂದೇ. ಒಂದೇ ಏಟು. ಅವರವರ ಭಾಷೆಯಲ್ಲಿ ಹೇಳಿದ್ದು ಅಷ್ಟೆ.”

“ನನ್ನ ವರದಿಯಲ್ಲಿ ಮೂರು ಉಂಟಲ್ಲ. ವರದಿ ಸುಳ್ಳಾ?”

“ಸುಳ್ಳಲ್ಲ ಸರ್. ಮೂರು ಅಂದ್ರೆ ಒಂದು.”

“ಹಾಗಾದರೆ ಬರೆದು ಕೊಡಿ.”

ಲತೇಶ್ ನಿಂತಲ್ಲೇ ಬರೆದ. ಗುರುಸಿದ್ದವ್ವ ಪಕ್ಕದಲ್ಲಿ ನಿಂತು ಎರಡು ಕಾಗುಣಿತ ತಿದ್ದಿಸಿದರು. ಮೂರು ಹೆಸರಿನ ಆಯುಧ ಒಂದೇ, ಗಡಿಯಾರಗಳು ಬೇರೆ ಬೇರೆ, ಏಟು ಒಂದು. ಕಜೆಟನ್ ಅದನ್ನು ವರದಿಗೆ ಪಿನ್ನು ಚುಚ್ಚಿ ಸೇರಿಸಿದರು. ವರದಿಯಲ್ಲಿ ಒಂದಕ್ಷರ ಅಳಿಸಲಿಲ್ಲ. ಆಯುಧ ಒಂದು, ಆದ್ದರಿಂದ ನಿಯಮದಂತೆ ಎಚ್ಚರಿಕೆ ಪತ್ರ ಮಾತ್ರ ಎಂದು ಘೋಷಿಸಿದರು. ಹೇಮಾಕ್ಷಿ ಕಂಬವನ್ನು ಬಿಟ್ಟು ನೇರ ನಿಂತಳು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಪತ್ರ ಬರೆಯಲಿಕ್ಕೆ ಕುಳಿತಾಗ ಕಜೆಟನ್ನರ ಪೆನ್ನು ಮತ್ತೆ ನಿಂತಿತು. ‘ಇನ್ನು ಮುಂದೆ ತಾವು ಯಾರಿಗೂ’ ಎಂದು ಬರೆದಾಗಿತ್ತು. ಯಾವುದರಿಂದ ಹೊಡೆಯಬಾರದು?

“ಹಿಡಿಸೂಡಿ ಅಂತ ಬರೀರಿ” ಎಂದ ಲತೇಶ್.

“ಅದು ಬರದ್ರ ನನಗ ತಿಳಿಯೂದಿಲ್ರಿ. ನಾಳೆ ಹೊಡದ್ರ ನಾ ಸಾಕ್ಷಿ ಹ್ಯಾಂಗ ಹೇಳ್ಲಿ? ಕಸಬರಿಗೆ ಬರೀರಿ, ಪುಸ್ತಕದಾಗೂ ಐತಿ.”

“ಪುಸ್ತಕದಲ್ಲಿ ಪೊರಕೆ ಅಂತಲೂ ಇದೆಯಲ್ಲ ಮೇಡಂ” ಎಂದರು ಮರಿಗೌಡ. “ಎಲ್ಲರಿಗೂ ಗೊತ್ತಾಗೋದು ಅದೇಯ.”

“ನಮಗೆ ಪೊರಕೆ ಅಂದ್ರೆ ಟೈಲ್ಸಿನದ್ದು ಮಾತ್ರ” ಎಂದಳು ಹೇಮಾಕ್ಷಿ. “ಹಾಗಾದ್ರೆ ಅಂಗಳದ್ದರಲ್ಲಿ ಆಗ್ತದಾ ಸರ್? ಸುಮ್ಮನೆ ಕೇಳಿದ್ದು.”

ಲತೇಶ್ ಒಂದು ಹೆಜ್ಜೆ ಹಿಂದೆ ಸರಿದ. ತೆರೆಸಾ ಮಾಳಿಗೆಯಿಂದ ಕೆಳಗೆ ಬಗ್ಗಿ, ಕೊಂಕಣಿಯಲ್ಲಿ ಬರೆದರೆ ಜಗಳವೇ ಇಲ್ಲ ಎಂದರು. ಚರ್ಚೆ ಒಂದೂವರೆವರೆಗೆ ನಡೆಯಿತು. ಚಹಾ ಬಂತು, ನೀರುಳ್ಳಿ ಬಜೆ ಬಂತು, ಗುರುಸಿದ್ದವ್ವ ಮರಿಗೌಡರಿಗೆ ‘ಕಸಬರಿಗೆ’ಯೊಳಗಿನ ‘ಬರಿಗೆ’ಯ ಬಗ್ಗೆ ಪಾಠ ಮಾಡಿದರು. ಮರಿಗೌಡ ಎರಡು ಸಲ ಕೇಳಿಸಿಕೊಂಡು ಒಪ್ಪಲಿಲ್ಲ. ಕೊನೆಗೆ ಕಜೆಟನ್ ಆ ಜಾಗದಲ್ಲಿ ಮೂರು ಇಂಚು ಖಾಲಿ ಬಿಟ್ಟು ಉಳಿದದ್ದನ್ನು ಬರೆದು ಮುಗಿಸಿದರು. ‘ಇನ್ನು ಮುಂದೆ ತಾವು ಯಾರಿಗೂ                ಇಂದ ಹೊಡೆಯತಕ್ಕದ್ದಲ್ಲ.’

ಹೇಮಾಕ್ಷಿ ಬೆರಳಿಟ್ಟು ಓದಿದಳು. ಖಾಲಿ ಜಾಗದ ಮೇಲೆ ಅವಳ ಬೆರಳು ಸ್ವಲ್ಪ ಹೊತ್ತು ನಿಂತಿತು. ಸಹಿ ಹಾಕಿದಳು.

“ಸರ್, ನಾಳೆ ಕೆಲಸಕ್ಕೆ ಬರ್ಲಿಕ್ಕುಂಟಲ್ಲ?”

“ಉಂಟು” ಎಂದರು ಕಜೆಟನ್. ಆ ಒಂದು ಶಬ್ದದ ಬಗ್ಗೆ ಮಾತ್ರ ಅವತ್ತು ಯಾರೂ ತಕರಾರು ಎತ್ತಲಿಲ್ಲ.